ಒಂದು ಖಾತೆಗೆ ಒಂದು ಸಾಲು

ನನ್ನ ಗಂಡ ಲಿಂಗೈಕ್ಯರಾದ ಮೂರನೇ ದಿನ ಭಾವ ನನ್ನನ್ನು ಅಡುಗೆಮನೆಗೆ ಕರೆದು, ತಗ್ಗಿದ ದನಿಯಲ್ಲಿ ಕೇಳಿದರು.

"ಕಾರ್ಡಿನ ಪಿನ್ ಗೊತ್ತಾ ನಿಂಗೆ?"

"ಗೊತ್ತು ಭಾವ."

"ಹಂಗಾದ್ರೆ ಬ್ಯಾಂಕಿಗೆ ಹೇಳೋಕ್ ಮುಂಚೆ ಇರೋದನ್ನೆಲ್ಲ ತೆಗೆದುಬಿಡು. ಎಲ್ಲರೂ ಹಾಗೇ ಮಾಡೋದು. ಆಮೇಲೆ ಅಲೆದಾಡ್ಬೇಕಾಗತ್ತೆ."

ಭಾವ ಕೆಟ್ಟವರಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಜೆ.ಪಿ. ನಗರದಲ್ಲಿ ಸ್ವಂತ ಮನೆ ಇದೆ. ತಮ್ಮನ ಹೆಣದ ಮುಂದೆ ಕೂತು ಮಗುವಿನ ಹಾಗೆ ಅತ್ತಿದ್ದರು. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಸತ್ತವರ ಕಾರ್ಡು ಹಿಡಿದು ಮೆಷಿನ್ ಮುಂದೆ ನಿಲ್ಲೋದು ಅಂದರೆ, ಅವರು ಇನ್ನೂ ಇದ್ದಾರೆ ಅಂತ ಸುಳ್ಳು ಹೇಳಿದ ಹಾಗೆ. ಅವರು ಇದ್ದಾರೆ ಅಂತ ನನಗೇ ಸುಳ್ಳು ಹೇಳಿಕೊಳ್ಳೋಕೆ ಆಗದೆ ಒದ್ದಾಡುತ್ತಿದ್ದೆ. ಮೆಷಿನ್ನಿಗೆ ಯಾಕೆ ಹೇಳಲಿ?

"ತೆಗೆಯಲ್ಲ ಭಾವ," ಅಂದೆ. "ಅಲೆದಾಡ್ತೀನಿ."

ಮದುವೆಯಾದ ಮೇಲೆ ನಾನು ಅವರಿಗೆ ಎದುರು ಹೇಳಿದ್ದು ಅದೇ ಮೊದಲು ಇರಬೇಕು.

ನಮಗೆ ಮಕ್ಕಳಿಲ್ಲ. ಶ್ರೀನಗರದ ಬಾಡಿಗೆ ಮನೆಯಲ್ಲಿ ನಾನು, ಅವರು, ನಮ್ಮತ್ತೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಸ್ವಲ್ಪ ಒಳಗೆ, ಅಡ್ಡರಸ್ತೆಯಲ್ಲಿ ಅವರ ಜೆರಾಕ್ಸ್ ಅಂಗಡಿ. ಎರಡು ಮೆಷಿನ್, ಒಂದು ಲ್ಯಾಮಿನೇಷನ್, ಪೆನ್ನು, ಫೈಲು, ಅರ್ಜಿ ನಮೂನೆ. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಹೋಗಿ ಸಂಜೆವರೆಗೂ ನಾನೂ ಅಲ್ಲೇ ಇರುತ್ತಿದ್ದೆ. ಮೆಷಿನ್ ನಡೆಸೋದು ನನಗೆ ಬರುತ್ತೆ. ಕಾಗದ ಸಿಕ್ಕಿಕೊಂಡರೆ ಬಿಚ್ಚಿ ತೆಗೆಯೋದು ಅವರಿಗಿಂತ ಚೆನ್ನಾಗಿ ಬರುತ್ತೆ. ಬ್ಯಾಂಕಿನ ಕೆಲಸ ಮಾತ್ರ ಅವರದು. ಅದು ಹಾಗೇ ನಡೆದುಕೊಂಡು ಬಂದಿತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಭಾವ ತಮ್ಮ ಯೋಚನೆ ಹೇಳಿದರು. ಅಂಗಡಿ ಮುಚ್ಚೋದು. ನಾನೂ ಅತ್ತೆಯೂ ಜೆ.ಪಿ. ನಗರಕ್ಕೆ ಹೋಗೋದು, ಅಲ್ಲಿ ಹಿಂದಿನ ರೂಮು ಖಾಲಿ ಇದೆ. ಎಲ್ಲೆಲ್ಲಿ ಏನೇನು ಇದೆಯೋ ಎಲ್ಲ ಸೇರಿಸಿ ಒಂದೇ ಡಿಪಾಸಿಟ್ಟು, ಅದರಲ್ಲಿ ನನ್ನ ಹೆಸರಿನ ಜೊತೆ ಅವರ ಹೆಸರು. "ನಿನಗೆ ತಲೆನೋವು ಬೇಡ ಅಂತ," ಅಂದರು.

ಅಂಗಡಿ ಕಟ್ಟಡದ ಮಾಲೀಕರು ಆಗಲೇ ಒಂದು ಮಾತು ಹೇಳಿದ್ದರು. ಹಳೆಯ ಕರಾರು ನನ್ನ ಗಂಡನ ಹೆಸರಲ್ಲಿತ್ತು. ಮುಂದುವರಿಸಬೇಕಾದರೆ ಹೊಸ ಕರಾರು, ಹೊಸ ಅಡ್ವಾನ್ಸು. ವರ್ಷದ ಪುಣ್ಯಸ್ಮರಣೆ ಮುಗಿಯೋವರೆಗೆ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದರು. ಅಡ್ವಾನ್ಸು ನನ್ನ ಕೈಯಲ್ಲಿ ಇರಲಿಲ್ಲ. ಆದರೆ ನನ್ನ ಗಂಡನ ಹೆಸರಲ್ಲಿ ಎಲ್ಲೆಲ್ಲೋ ಇತ್ತು. ಎಲ್ಲಿ, ಎಷ್ಟು ಅನ್ನೋದು ಗೊತ್ತಿರಲಿಲ್ಲ, ಅಷ್ಟೇ.

"ನಾನೇ ಒಂದು ಲಿಸ್ಟ್ ಮಾಡ್ತೀನಿ ಭಾವ," ಅಂದೆ. "ವರ್ಷದೊಳಗೆ ನನ್ನ ಕೈಲಾಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ."

ಅವರು ನಕ್ಕರು. "ಆಯ್ತಮ್ಮ, ಮಾಡು. ಮನಸ್ಸಿಗೂ ಸ್ವಲ್ಪ ಕೆಲಸ ಸಿಗತ್ತೆ."

ಆ ನಗು ಹುಟ್ಟಿಸಿದ ಛಲ ನನಗೆ ಇಡೀ ವರ್ಷ ಓಡಾಡೋಕೆ ಸಾಕಾಯಿತು.

ಒಬ್ಬ ಜೆರಾಕ್ಸ್ ಅಂಗಡಿಯವನ ಹೆಸರಲ್ಲಿ ಅಷ್ಟು ಖಾತೆ ಹೇಗೆ ಬಂತು ಅಂತ ಯಾರಾದರೂ ಕೇಳಬಹುದು. ನಮ್ಮ ಅಂಗಡಿಯ ಸುತ್ತ ಮೂರು ದಿಕ್ಕಿಗೂ ಬ್ಯಾಂಕು. ಅವರ ಮೆಷಿನ್ ಕೆಟ್ಟಾಗ ನಮ್ಮಲ್ಲಿಗೆ ಓಡಿ ಬರುತ್ತಿದ್ದರು. ಮಾರ್ಚ್ ತಿಂಗಳು ಬಂತು ಅಂದರೆ ಬೇರೆ ಕಾರಣಕ್ಕೂ ಬರುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಕೌಂಟರಿಗೆ ಕೈ ಊರಿ, "ಅಂಕಲ್, ಇನ್ನೊಂದೇ ಅಕೌಂಟ್ ಬೇಕು, ಇಲ್ಲಾಂದ್ರೆ ಬೈತಾರೆ," ಅನ್ನೋಳು. ನನ್ನ ಗಂಡನಿಗೆ ಇಲ್ಲ ಅನ್ನೋಕೆ ಬರುತ್ತಿರಲಿಲ್ಲ. "ಬರ್ಕೊಳಮ್ಮ" ಅಂತ ಆಧಾರ್ ತೆಗೆದುಕೊಟ್ಟುಬಿಡೋರು. ಸಹಕಾರ ಸಂಘದ ಚುನಾವಣೆಗೆ ನಿಂತವರು ಷೇರು ಕೊಳ್ಳಿ ಅಂದರೆ ಕೊಂಡರು. ದಿನಾ ಸಂಜೆ ಪಿಗ್ಮಿ ಕಟ್ಟಿಸಿಕೊಳ್ಳೋಕೆ ಇಬ್ಬರು ಬರುತ್ತಿದ್ದರು. ಒಬ್ಬರಿಗೆ ಕಟ್ಟಿ ಇನ್ನೊಬ್ಬರನ್ನು ಕಳಿಸಿದರೆ ಅವರಿಗೆ ಬೇಜಾರಾಗುತ್ತೆ ಅಂತ ಇಬ್ಬರಿಗೂ ಕಟ್ಟೋರು.

"ಈ ಬ್ಯಾಂಕೆಲ್ಲ ನಿಮಗೆ ಗುಡಿ ಹುಂಡಿ ಇದ್ದ ಹಾಗೆ ಕಣ್ರೀ," ಅಂತ ನಾನು ರೇಗಿಸುತ್ತಿದ್ದೆ. "ಯಾರು ಬಂದು ಕೈಮುಗಿದ್ರೂ ಹಾಕ್ತೀರ."

"ಹುಂಡಿಲಿ ಹಾಕಿದ್ದು ವಾಪಸ್ ಬರಲ್ಲ. ಇದು ಬರತ್ತೆ," ಅನ್ನೋರು.

ಕಾಗದಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ತೆಗೆದಾಗ ಟೋನರ್ ವಾಸನೆ ಬಂತು. ಅವರ ಅಂಗಿಯಲ್ಲಿ ಇರುತ್ತಿದ್ದ ವಾಸನೆ. ಮುಚ್ಚಳ ಹಾಕಿ, ಮತ್ತೆ ತೆಗೆದೆ.

ಅಂಗಡಿಯಲ್ಲಿ ಅವರು ಗಿರಾಕಿಗಳಿಗೆ ಹೇಳುತ್ತಿದ್ದ ಒಂದು ಮಾತಿತ್ತು. "ಇನ್ನೊಂದು ಕಾಪಿ ಇರ್ಲಿ ಸಾರ್, ಕೇಳೇ ಕೇಳ್ತಾರೆ." ಮನೆಯಲ್ಲೂ ಅದೇ. ಎಲ್ಲದಕ್ಕೂ ಕಾಪಿ, ಕಾಪಿಗೂ ಕಾಪಿ. ನಾನು ಒಂದೊಂದೇ ಕಾಗದ ಎತ್ತಿ, ಬ್ಯಾಂಕಿನ ಹೆಸರು, ರಸೀದಿಯ ನಂಬರು, ಮೊತ್ತ ಬರೆದೆ. ಒಂದು ವಾರ ಬರೆದೆ. ಎರಡು ಕಾಗದದ ನಂಬರೂ ಮೊತ್ತವೂ ಒಂದೇ ಇದ್ದರೆ ಬಿಡುತ್ತಿದ್ದೆ. ಬೇರೆ ಇದ್ದರೆ ಬೇರೆ ಸಾಲು. ಪಟ್ಟಿ ಉದ್ದ ಆಗುತ್ತಾ ಹೋಯಿತು. ನನಗೆ ಒಳಗೊಳಗೇ ಹೆಮ್ಮೆ. ಇಷ್ಟೊಂದು ಕೂಡಿಟ್ಟಿದ್ದಾರಲ್ಲ ಪುಣ್ಯಾತ್ಮ!

ಆ ಹೆಮ್ಮೆಯಲ್ಲೇ ಅಂಗಡಿ ಮಾಲೀಕರಿಗೆ ಫೋನ್ ಮಾಡಿ, "ಅಡ್ವಾನ್ಸಿಗೆ ತೊಂದ್ರೆ ಇಲ್ಲ ಸಾರ್, ಕರಾರು ನನ್ನ ಹೆಸರಿಗೇ ಮಾಡಿ," ಅಂದುಬಿಟ್ಟೆ.

ಮೊದಲು ಹೋಗಿದ್ದು ಅಂಗಡಿಯ ಎದುರಿನ ಬ್ಯಾಂಕಿಗೆ. ನನ್ನ ಪಟ್ಟಿಯಲ್ಲಿ ಆ ಬ್ಯಾಂಕಿನದು ಆರು ಸಾಲು ಇತ್ತು. ಕೌಂಟರಿನ ಮೇಡಂ ಮರಣ ಪ್ರಮಾಣಪತ್ರ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ನನ್ನ ಪಟ್ಟಿಯನ್ನೂ ನನ್ನ ಮುಖವನ್ನೂ ನೋಡಿದರು.

"ಮೇಡಂ, ಇಲ್ಲಿ ಇರೋದು ಒಂದು ಎಸ್‌ಬಿ, ಒಂದು ಎಫ್‌ಡಿ. ಎರಡೇ."

"ಇಲ್ಲ ನೋಡಿ, ಐದು ರಸೀದಿ ಇದೆ. ಒಂದೊಂದ್ರ ನಂಬರೂ ಬೇರೆ."

"ಒರಿಜಿನಲ್ ತಂದಿದ್ದೀರಾ?"

ಕೊಟ್ಟೆ. ಅವರು ಒಂದೊಂದೇ ತಿರುಗಿಸಿ ನೋಡಿದರು. "ಇವು ಜೆರಾಕ್ಸ್ ಮೇಡಂ. ಒಂದೇ ಒಂದು ಒರಿಜಿನಲ್ಲು. ಇದೇ ಎಫ್‌ಡಿ ಪ್ರತಿ ಸಲ ರಿನ್ಯೂ ಆಗಿದೆ. ಹಳೇ ರಸೀದಿ ನಾವು ವಾಪಸ್ ತಗೊಂಡು ಹೊಸದು ಕೊಡ್ತೀವಿ. ಅದಕ್ಕೇ ನಂಬರ್ ಬೇರೆ. ಬಡ್ಡಿ ಸೇರ್ಕೊಂಡು ಅಮೌಂಟೂ ಬೇರೆ. ಹಣ ಮಾತ್ರ ಒಂದೇ."

ವಾಪಸ್ ಕೊಡೋಕ್ ಮುಂಚೆ ಪ್ರತಿ ಸಲವೂ ನನ್ನ ಗಂಡ ಒಂದು ಕಾಪಿ ಮಾಡಿ ಇಟ್ಟಿದ್ದರು. ನಮ್ಮ ಕಲರ್ ಮೆಷಿನ್ನಿನಲ್ಲಿ, ದಪ್ಪ ಕಾಗದದ ಮೇಲೆ, ಅಚ್ಚುಕಟ್ಟಾಗಿ. ಅಷ್ಟು ಚೆನ್ನಾಗಿ ಮಾಡಿದ್ದರು ಅಂದರೆ, ಅದೇ ಮೆಷಿನ್ ನಡೆಸುವ ನನಗೇ ಗೊತ್ತಾಗಲಿಲ್ಲ.

ಎರಡನೇ ಬ್ಯಾಂಕಿನಲ್ಲೂ ಇದೇ ಕಥೆ. ಮೂರನೆಯದು, ನಾಲ್ಕನೆಯದು ಅಂತ ನಾನು ಬರೆದುಕೊಂಡಿದ್ದು ಬೇರೆ ಬೇರೆ ಬ್ಯಾಂಕುಗಳೇ ಅಲ್ಲ. ಒಂದು ಇನ್ನೊಂದರಲ್ಲಿ ವಿಲೀನವಾಗಿ ಪಾಸ್‌ಬುಕ್ಕು ಬದಲಾಗಿತ್ತು. ಖಾತೆ ಅದೇ, ಹೊದಿಕೆ ಬೇರೆ. ನನ್ನ ಉದ್ದನೆಯ ಪಟ್ಟಿ ಅರ್ಧಕ್ಕಿಂತ ಕಮ್ಮಿ ಆಯಿತು.

ಭಾವನಿಗೆ ಗೊತ್ತಾಯಿತು. ಭಾನುವಾರ ಬಂದು ಸೋಫಾದಲ್ಲಿ ಕೂತು ಪಟ್ಟಿಯನ್ನು ಮೊಣಕಾಲ ಮೇಲೆ ಹಾಸಿಕೊಂಡರು. "ಮಾಲೀಕರಿಗೆ ಬೇರೆ ಮಾತು ಕೊಟ್ಟಿದ್ದೀಯಂತೆ. ಇದೆಲ್ಲ ನಿನ್ನ ಕೈಲಾಗೋದಲ್ಲ ಬಿಡಮ್ಮ. ನನಗೊಂದು ಅಧಿಕಾರಪತ್ರ ಬರೆದುಕೊಡು. ದೊಡ್ಡವೆರಡು ಬಿಡಿಸ್ಕೊಳ್ಳೋಣ. ಈ ಚಿಲ್ಲರೆ ಅಕೌಂಟೆಲ್ಲ ಮರೆತುಬಿಡು. ಆಟೋ ಚಾರ್ಜಿಗೂ ಗಿಟ್ಟಲ್ಲ."

"ಮರೆತ್ರೆ ಏನಾಗತ್ತೆ?" ಅಂತ ಕೇಳಿದೆ.

"ಏನೂ ಆಗಲ್ಲ. ಹತ್ತು ವರ್ಷ ಯಾರೂ ಮುಟ್ಟದಿದ್ರೆ ಮೇಲೆ, ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗತ್ತೆ. ವಾರಸುದಾರರು ಕೇಳದ ಹಣ ಅಂತ ಹೆಸರು ಹಾಕಿ ಲಿಸ್ಟ್ ಮಾಡಿಡ್ತಾರೆ."

ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಎದೆಗೆ ಚುಚ್ಚಿತು. ಯಾರೂ ಕೇಳದವರ ಪಟ್ಟಿಯಲ್ಲಿ ನನ್ನ ಗಂಡನ ಹೆಸರು. ನಾನು ಇನ್ನೂ ಬದುಕಿದ್ದೀನಿ. ಅವರನ್ನು ಹೆತ್ತ ತಾಯಿ ಒಳಗೆ ಅವರೇಕಾಯಿ ಸುಲಿಯುತ್ತಾ ಕೂತಿದ್ದಾರೆ.

"ನಾವಿಬ್ರೂ ಕೇಳ್ತೀವಿ ಭಾವ," ಅಂದೆ. "ಒಂದು ರೂಪಾಯಿ ಇದ್ರೂ ಕೇಳ್ತೀವಿ. ಅಧಿಕಾರಪತ್ರ ಕೊಡಲ್ಲ."

ಅವರು ಕಾಫಿ ಕುಡಿಯದೆ ಎದ್ದು ಹೋದರು. ಅತ್ತೆ ಒಳಗಿನಿಂದಲೇ, "ಆ ಕಾಫಿ ಇತ್ಲಾಗ್ ತಾ, ದಂಡ ಯಾಕೆ ಮಾಡ್ತೀಯ," ಅಂದರು.

ಮರುದಿನ ಕೆಂಪು ಮಾರ್ಕರ್ ಹಿಡಿದು ಟ್ರಂಕಿನ ಮುಂದೆ ಕೂತೆ. ಪ್ರತಿ ಕಾಗದವನ್ನೂ ಬೆಳಕಿಗೆ ಹಿಡಿದು, ಸಹಿಯ ಮೇಲೆ ಬೆರಳಾಡಿಸಿ ನೋಡಿದೆ. ಪೆನ್ನು ಒತ್ತಿದ ಗುರುತು ಹಿಂಬದಿಯಲ್ಲಿ ಸಿಕ್ಕರೆ ಅಸಲು. ಇಲ್ಲದಿದ್ದರೆ ಅಡ್ಡಲಾಗಿ ದೊಡ್ಡದಾಗಿ "ನಕಲು" ಅಂತ ಬರೆದೆ. ಅವರು ಪ್ರೀತಿಯಿಂದ ಮಾಡಿಟ್ಟ ಕಾಪಿಗಳ ಮೇಲೆ ಕೆಂಪು ಬಳಿಯುವಾಗ ಕೈ ತಡೆಯುತ್ತಿತ್ತು. ಸಿಟ್ಟೂ ಬರುತ್ತಿತ್ತು. ಇಷ್ಟೆಲ್ಲ ಕಾಪಿ ಮಾಡಿದ ಮನುಷ್ಯ ನನಗೊಂದು ಮಾತು ಹೇಳಬಾರದಿತ್ತಾ? ಬರೆಯುತ್ತಾ ಜೋರಾಗಿ ಬೈದೆ ಕೂಡ. ಅವರು ಹೋದ ಮೇಲೆ ಅವರ ಜೊತೆ ಮನಸಾರೆ ಮಾತಾಡಿದ್ದು ಅವತ್ತೇ.

ಹೊಸ ಪಟ್ಟಿಗೆ ಒಂದು ನಿಯಮ ಮಾಡಿಕೊಂಡೆ. ಕಾಗದಕ್ಕೊಂದು ಸಾಲು ಅಲ್ಲ, ಖಾತೆಗೊಂದು ಸಾಲು. ಬ್ಯಾಂಕಿನವರು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಹೌದು ಅನ್ನೋವರೆಗೆ ಆ ಸಾಲು ಪೆನ್ಸಿಲ್ಲಿನಲ್ಲಿ. ಹೌದು ಅಂದ ಮೇಲೆ ಪೆನ್ನಿನಲ್ಲಿ. ಮುಂದೆ ನಾಮಿನಿ ಯಾರು, ಏನೇನು ಕಾಗದ ಕೇಳಿದರು, ಯಾವತ್ತು ಕೊಟ್ಟೆ, ಹಣ ನನ್ನ ಖಾತೆಗೆ ಬಂತೋ ಇಲ್ಲವೋ. ಕೊನೆಯಲ್ಲಿ ನನ್ನದೇ ಒಂದು ಕಾಲಂ ಹಾಕಿಕೊಂಡೆ: ಯಾರು ಕೇಳಿದ್ದಕ್ಕೆ ತೆರೆದಿದ್ದು. ಅದು ಯಾವ ಬ್ಯಾಂಕಿಗೂ ಬೇಡ. ನನಗೆ ಬೇಕಿತ್ತು. "ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿ." "ಮಗಳ ಮದುವೆ ಪತ್ರಿಕೆ ಕೊಟ್ಟ ಮ್ಯಾನೇಜರ್." "ಮೊದಲನೇ ಪಿಗ್ಮಿಯವರು." "ಎರಡನೇ ಪಿಗ್ಮಿಯವರು."

ನಾಮಿನಿ ಇದ್ದ ಕಡೆ ಕೆಲಸ ಸುಲಭ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಪಾಸ್‌ಬುಕ್ಕು ಕೊಟ್ಟರೆ ಆಯಿತು. ಆದರೆ ಅವರು ಮದುವೆಗೆ ಮುಂಚೆ ತೆರೆದವಕ್ಕೆ ನಾಮಿನಿ ಅತ್ತೆ. ಕೆಲವಕ್ಕೆ ಯಾರೂ ಇಲ್ಲ. ನಾಮಿನಿ ಇಲ್ಲದಿದ್ದರೆ ವಾರಸುದಾರರೆಲ್ಲ ಒಪ್ಪಿ ಸಹಿ ಮಾಡಬೇಕು, ವಂಶವೃಕ್ಷ ತರಬೇಕು ಅಂದರು.

"ನಮ್ಮ ಭಾವನ್ನೂ ಕರ್ಕೊಂಡು ಬರ್ಬೇಕಾ?" ಅಂತ ಹೆದರುತ್ತಲೇ ಕೇಳಿದೆ.

"ಅಣ್ಣನ ಸಹಿ ಬೇಡ ಮೇಡಂ. ಮಕ್ಕಳಿಲ್ಲ ಅಂದ್ರಲ್ಲ? ಹಂಗಾದ್ರೆ ಹೆಂಡತಿ, ತಾಯಿ. ಅಷ್ಟೇ."

ಅಷ್ಟೇ. ಆ ಪದ ಕೇಳಿ ಬ್ಯಾಂಕಿನಿಂದ ಮೆಟ್ಟಿಲು ಇಳಿಯುವಾಗ ನನ್ನ ಬೆನ್ನು ನೆಟ್ಟಗಾಗಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಎಂಬತ್ತು ದಾಟಿದವರು, ಮಂಡಿನೋವು, ಮನೆ ಬಿಟ್ಟು ಹೊರಡುತ್ತಿದ್ದದ್ದು ಬನಶಂಕರಿ ಗುಡಿಗೆ ಮಾತ್ರ.

"ನಾನು ಬರ್ಬೇಕಾ?"

"ಬರ್ಬೇಕು ಅತ್ತೆ. ನೀವಿಲ್ದೆ ಆಗಲ್ಲ."

"ದೊಡ್ಡೋನು ನನ್ನ ಹತ್ರ ಏನೋ ಕಾಗದಕ್ಕೆ ಸಹಿ ಮಾಡಿಸ್ತೀನಿ ಅಂತಿದ್ದ. ನನಗೆ ಏನೂ ಬೇಡ ಅಂತ ಬರೆದುಕೊಡೋದಂತೆ."

"ನಿಮಗೆ ಬೇಡ್ವಾ?"

ಅವರು ಕೈಬಳೆ ತಿರುಗಿಸಿಕೊಂಡರು. "ಯಾಕೆ ಬೇಡ? ನನ್ನ ಮಗಂದು. ಅವನ ಮೊದಲನೇ ಸಂಬಳದಲ್ಲಿ ಇಟ್ಟಿದ್ದು, ನನ್ನ ಹೆಸರು ಬರೆಸಿದಾನೆ ಅಂದ್ರೆ ನನಗೆ ಬೇಕು. ನಾಳೆ ಯಾವ ಸೀರೆ ಉಟ್ಕೊಳ್ಲಿ?"

ಆಟೋದಲ್ಲಿ ಇಬ್ಬರೂ ಹೋದೆವು. ಬ್ಯಾಂಕಿನಲ್ಲಿ ಒಬ್ಬ ಸಾಹೇಬರು ಅತ್ತೆಯ ನಡುಗುವ ಕೈ ನೋಡಿ, ಇಂಕ್ ಪ್ಯಾಡ್ ಮುಂದೆ ತಳ್ಳಿ, "ಅಜ್ಜಿ, ಹೆಬ್ಬೆಟ್ಟು ಒತ್ತಿಬಿಡಿ, ಬೇಗ ಆಗತ್ತೆ," ಅಂದರು.

ಅತ್ತೆ ಪ್ಯಾಡನ್ನು ಅವರ ಕಡೆಗೇ ವಾಪಸ್ ಸರಿಸಿದರು. "ನಾನು ಮಿಡ್ಲ್‌ಸ್ಕೂಲ್ ಓದಿದೀನಪ್ಪ. ನಿಂಗೆ ಅರ್ಜೆಂಟಿದ್ರೆ ಕಾಫಿ ಕುಡ್ಕೊಂಡು ಬಾ. ನಾನು ಬರೀತಿರ್ತೀನಿ."

ಕನ್ನಡದಲ್ಲಿ, ಒಂದೊಂದೇ ಅಕ್ಷರ, ತಲೆಕಟ್ಟು ದೀರ್ಘ ಎಲ್ಲ ಬಿಡದೆ ಬರೆದರು. ಹಿಂದೆ ಸಾಲು ಬೆಳೆಯಿತು. ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಹೀಗೆ ಮೂರು ಬ್ಯಾಂಕು, ಒಂದು ಅಂಚೆ ಕಚೇರಿ, ಎರಡು ಪಿಗ್ಮಿ, ಸಹಕಾರ ಸಂಘ. ಸಂಘದವರು ಷೇರಿನ ಹಣ ಮರಳಿಸೋಕೆ ಆಡಳಿತ ಮಂಡಳಿಯ ಸಭೆ ಒಪ್ಪಬೇಕು ಅಂದರು. ಸಭೆ ಯಾವಾಗ ಅಂದರೆ ಕೋರಂ ಆದಾಗ. ಕೋರಂ ಆಗೋವರೆಗೆ ಪ್ರತಿ ವಾರ ಹೋಗಿ ಅವರ ಬೆಂಚಿನ ಮೇಲೆ ಕೂತುಕೊಂಡು ಬಂದೆ. ಕೊನೆಗೆ ಕಾರ್ಯದರ್ಶಿಯೇ, "ಅಕ್ಕ, ನೀವು ಬರೋ ದಿನ ನಮಗೆ ಹಾಜರಿ ಇದ್ದ ಹಾಗಾಯ್ತು," ಅಂತ ನಗುತ್ತಾ ಚೆಕ್ಕು ಕೊಟ್ಟರು.

ಹಾಗೇ ಬ್ಯಾಂಕಿನ ಮೇಡಂ ಒಬ್ಬರು, ಕೇಳದೆ ಉಳಿದ ಖಾತೆಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬಹುದು ಅಂದರು. ನನ್ನ ಫೋನಿನಲ್ಲೇ ಅವರ ಹೆಸರು, ಪ್ಯಾನ್ ನಂಬರು ಹಾಕಿದೆ. ಒಂದು ಸಿಕ್ಕಿತು. ಬಿಟಿಎಂ ಲೇಔಟಿನ ಒಂದು ಶಾಖೆ, ಯಾವತ್ತೋ ತೆರೆದು ಮತ್ತೆ ತಿರುಗಿ ನೋಡದ ಉಳಿತಾಯ ಖಾತೆ. ಆಗಲೇ ಮೇಲಿನ ನಿಧಿಗೆ ಹೋಗಿತ್ತು. ಅಂದರೆ ಅವರ ಹೆಸರು ಆ ಪಟ್ಟಿಯಲ್ಲಿ ಆಗಲೇ ಇತ್ತು.

ಅಂದೇ ಬಸ್ಸು ಹತ್ತಿದೆ. ಅಲ್ಲಿನ ಹುಡುಗ ಮೊತ್ತ ನೋಡಿ ಸಂಕೋಚಪಟ್ಟುಕೊಂಡ. "ಆಂಟಿ, ಇಷ್ಟಕ್ಕೆ ಇಷ್ಟೆಲ್ಲ ಫಾರ್ಮ್ ತುಂಬಬೇಕಾ? ನಾವು ಮೇಲೆ ಕಳಿಸಿ ತರಿಸ್ಕೊಂಡು ಕೊಡ್ಬೇಕು. ಟೈಮ್ ಹಿಡಿಯತ್ತೆ."

"ನಿಧಿಗೆ ಹೋದ್ರೂ ನೀವೇ ತಾನೆ ಕೊಡ್ಬೇಕಾದ್ದು?"

"ನಾವೇ ಆಂಟಿ."

"ಫಾರ್ಮ್ ಕೊಡು. ಪೆನ್ನು ನನ್ನ ಹತ್ರ ಇದೆ."

ಅದರ ಕೊನೆಯ ಕಾಲಮ್ಮಿನಲ್ಲಿ ಏನು ಬರೆಯೋದು ಅಂತ ಇವತ್ತಿಗೂ ಗೊತ್ತಿಲ್ಲ. ಬಿಟಿಎಂನಲ್ಲಿ ಅವರನ್ನು ಯಾರು ಕೇಳಿದ್ದರೋ. ಅವರು ಒಬ್ಬರೇ ಅಲ್ಲಿಗೆ ಯಾಕೆ ಹೋಗಿದ್ದರೋ. ಅದನ್ನು ಖಾಲಿ ಬಿಟ್ಟಿದ್ದೀನಿ. ಖಾತೆ ಮಾತ್ರ ಮುಗಿಯಿತು. ಹಣ ನನ್ನ ಖಾತೆಗೆ ಬಂದ ಸಂದೇಶ ಫೋನಿಗೆ ಬಂದಾಗ ಅಂಗಡಿಯಲ್ಲಿದ್ದೆ. ಬಸ್ ಚಾರ್ಜು ಕಳೆದರೆ ಏನೂ ಉಳಿಯಲಿಲ್ಲ. ಕೇಳುವವರಿಲ್ಲ ಅನ್ನೋ ಹಾಳೆಯಿಂದ ಅವರನ್ನು ಕೈ ಹಿಡಿದು ಕರೆದುಕೊಂಡು ಬಂದ ಹಾಗಿತ್ತು.

ಪುಣ್ಯಸ್ಮರಣೆಯ ದಿನ ಜಂಗಮರ ಪಾದಪೂಜೆ ಮುಗಿದು, ಬಂದವರೆಲ್ಲ ಪ್ರಸಾದಕ್ಕೆ ಕೂತಿದ್ದರು. ಭಾವ ಕೈ ತೊಳೆಯುವ ಮುಂಚೆಯೇ ಕೇಳಿದರು. "ಏನಾಯ್ತಮ್ಮ ನಿನ್ನ ಲಿಸ್ಟು?"

ತಂದುಕೊಟ್ಟೆ. ಒಂದೇ ಹಾಳೆ. ಲ್ಯಾಮಿನೇಷನ್ ಮಾಡಿರಲಿಲ್ಲ, ಇನ್ನೂ ಎರಡು ಸಾಲು ಮುಗಿದಿರಲಿಲ್ಲ. ಒಂದು ಕಂಪನಿಯ ಹಳೇ ಷೇರು ಪತ್ರದ್ದು. ವರ್ಷಗಟ್ಟಲೆ ಲಾಭಾಂಶ ಕೇಳದೆ ಇದ್ದದ್ದರಿಂದ ಅದು ಸರ್ಕಾರದ ನಿಧಿಗೆ ಹೋಗಿ ಕೂತಿದೆ, ಅದರ ಅರ್ಜಿ ಇನ್ನೂ ನಡೆಯುತ್ತಿದೆ. ಇನ್ನೊಂದು ಅಂಚೆ ಕಚೇರಿಯದು. ಉಳಿದವೆಲ್ಲ ಪೆನ್ನಿನಲ್ಲಿ, ಮುಗಿದಿದೆ ಅಂತ ಗುರುತು ಹಾಕಿ. ಕೆಳಗೆ, ಬಂದ ಹಣ ಇಟ್ಟ ನನ್ನ ಮತ್ತು ಅತ್ತೆಯ ಹೊಸ ಖಾತೆಗಳು.

ಭಾವ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಓದಿದರು.

"ಅಡ್ವಾನ್ಸಿಗೆ ಆಗತ್ತಾ?"

"ಆಗತ್ತೆ. ನಂದು, ಅತ್ತೇದು ಸೇರಿಸಿದ್ರೆ ಆಗತ್ತೆ. ಅತ್ತೆ ಅವರದ್ದನ್ನ ಅಂಗಡಿಗೆ ಕೈಗಡ ಕೊಟ್ಟಿದಾರೆ."

"ಸಾಲ," ಅಂತ ಅತ್ತೆ ಎಲೆಯ ಮುಂದಿನಿಂದ ತಿದ್ದಿದರು. "ವಾಪಸ್ ಕೊಡ್ಬೇಕು ಅವಳು."

"ಹೊಸ ಖಾತೆಗೆ ನಾಮಿನಿ?" ಭಾವ ಬೆರಳಿಟ್ಟು ಕೇಳಿದರು. "ಇಲ್ಲಿ ಅಮ್ಮನ ಹೆಸರು ಬರೆದಿದ್ದೀಯ. ಅಮ್ಮಂದಕ್ಕೆ ನಿನ್ನ ಹೆಸರು. ಎಂಬತ್ತು ದಾಟಿದವರನ್ನ ಯಾರಾದ್ರೂ ನಾಮಿನಿ ಮಾಡ್ತಾರೇನಮ್ಮ? ಸ್ವಲ್ಪ ಲೆಕ್ಕ ಬೇಡ್ವಾ?"

"ನಲವತ್ತೊಂಬತ್ತರವರು ಹೋದ್ರಲ್ಲ ಭಾವ. ಯಾವ ಲೆಕ್ಕ?"

ಅದು ಕಟುವಾಯಿತು ಅಂತ ಹೇಳುವಾಗಲೇ ಗೊತ್ತಾಯಿತು. ಅವರ ಮುಖ ಇಳಿಯಿತು. ಅವರಿಗೂ ತಮ್ಮನೇ ಅಲ್ಲವಾ? ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ. "ಬೇಕಾದಾಗ ಬದಲಾಯಿಸ್ಬಹುದು. ಈಗ ಇದೇ ಇರತ್ತೆ," ಅಂದೆ.

"ನನ್ನ ಹೆಸರು ಎಲ್ಲೂ ಇಲ್ಲ ಇದರಲ್ಲಿ," ಅಂದರು ಭಾವ, ಅರ್ಧ ತಮಾಷೆಗೆ.

"ನಿನ್ನ ಹೆಸರಿಗೆ ಎಲೆ ಹಾಕಿದೆ, ಬಾ ಕೂತ್ಕೋ," ಅಂದರು ಅತ್ತೆ. "ಹೋಳಿಗೆ ಆರತ್ತೆ."

ಕೂತರು. ತಲೆ ತಗ್ಗಿಸಿ ತಿಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಕರಾರಿಗೆ ಸಾಕ್ಷಿ ಬೇಕಾದ್ರೆ ಹೇಳು, ನಾನು ಬರ್ತೀನಿ," ಅಂದರು. ಬಂದರು. ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದರು. ಕರಾರು ಮಾಡಿಕೊಳ್ಳುವವಳ ಜಾಗದಲ್ಲಿ ನಾನು.

ಅಂಗಡಿ ಈಗ ನನ್ನದು. ಟ್ರಂಕಿನ ನಕಲುಗಳನ್ನು ಹರಿದು ಹಾಕಿಲ್ಲ. ಹರಿಯೋಕೆ ಮನಸ್ಸಿಲ್ಲ. ಕೆಂಪು ಅಕ್ಷರ ಇದ್ದರೆ ಸಾಕು, ಇನ್ನು ಅವು ನನಗೆ ಮೋಸ ಮಾಡಲಾರವು.

ಮೊನ್ನೆ ಮಾರ್ಚ್‌ನಲ್ಲಿ ಎದುರು ಬ್ಯಾಂಕಿನ ಹೊಸ ಹುಡುಗಿ ಬಂದು ಕೌಂಟರಿಗೆ ಕೈ ಊರಿದಳು. "ಆಂಟಿ, ಒಂದೇ ಒಂದು ಅಕೌಂಟ್. ಪ್ಲೀಸ್. ಅಂಕಲ್ ಇದ್ದಾಗ ಯಾವಾಗ್ಲೂ ಮಾಡಿಸ್ತಿದ್ರಂತೆ, ನಮ್ಮ ಮೇಡಂ ಹೇಳಿದ್ರು."

ಅವರಾಗಿದ್ದರೆ ಆಗಲೇ ಆಧಾರ್ ಕಾರ್ಡು ತೆಗೆಯುತ್ತಿದ್ದರು. ಅವಳ ಕಾಗದಗಳನ್ನು ಮೆಷಿನ್ನಿನ ಮೇಲಿಟ್ಟು ಮುಚ್ಚಳ ಹಾಕಿದೆ.

"ಹೌದಮ್ಮ, ಅವರು ಮಾಡಿಸ್ತಿದ್ರು," ಅಂದೆ. "ನಾನು ಮಾಡ್ಸಲ್ಲ. ಎಷ್ಟು ಕಾಪಿ ಬೇಕು ಹೇಳು."